ಖಾಲಿ ಚೀಲಗಳ ಎಣಿಕೆ

ಮಾರ್ಚ್ ಹದಿನಾಲ್ಕರ ಬೆಳಗ್ಗೆ ಹಿರಿಯ ಸೊಸೆಯ ಶೆಡ್ಡಿನಿಂದ ಮೂರು ಸಾವಿರದ ಎಂಟುನೂರ ನಲವತ್ತು ಕೋಳಿಗಳು ಲಾರಿ ಹತ್ತಿದವು. ಮೂವತ್ತೆಂಟು ದಿನಗಳ ಹಿಂದೆ ಇಳಿದಿದ್ದ ಮರಿಗಳು ನಾಲ್ಕು ಸಾವಿರ. ನಡುವೆ ಸತ್ತವು ನೂರ ಅರವತ್ತು. ಹೋದ ಕೋಳಿಗಳ ತೂಕ ಎಂಟು ಸಾವಿರದ ಅರವತ್ತು ಕಿಲೋ. ಕಂಪನಿಯಿಂದ ಬಂದ ಫೀಡು, ಐವತ್ತು ಕಿಲೋದ ಚೀಲಗಳಲ್ಲಿ, ಮುನ್ನೂರು ಚೀಲ. ಉಳಿದದ್ದು ಏನೂ ಇಲ್ಲ.

ಮರಿ, ಫೀಡು, ಔಷಧಿ ಕಂಪನಿಯದು. ಶೆಡ್ಡು, ನೀರು, ದುಡಿಮೆ ಇವಳದು. ಗಂಡ ದೂರದ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದುದರಿಂದ ಶೆಡ್ಡಿನ ಹೊಣೆಯೆಲ್ಲ ಇವಳ ಹೆಗಲಿಗೇ ಬಂದಿತ್ತು. ಒಂದು ಕಿಲೋ ತೂಕ ಕೂಡುವುದಕ್ಕೆ ಕೋಳಿ ಎಷ್ಟು ಕಿಲೋ ಫೀಡು ತಿಂದಿತು ಎಂಬ ಅಂಕಿಗೆ ಎಫ್‌ಸಿಆರ್ ಎನ್ನುತ್ತಾರೆ. ಅದು 1.70 ದಾಟಬಾರದು, ಒಂದು ಕಿಲೋ ತೂಕಕ್ಕೆ ಬಿದ್ದ ಖರ್ಚು ತೊಂಬತ್ತು ರೂಪಾಯಿ ದಾಟಬಾರದು. ಒಂದರ ಹಿಂದೊಂದು ಮೂರು ಬ್ಯಾಚು ದಾಟಿದರೆ ಆ ಶೆಡ್ಡಿಗೆ ಮರಿ ಇಲ್ಲ. ಹಿರಿಯ ಸೊಸೆಯ ಮೊದಲ ಬ್ಯಾಚು ಕಾಯಿಲೆಯಿಂದ ದಾಟಿತ್ತು, ಎರಡನೆಯದು ಸೆಖೆಯಿಂದ. ಮೂರನೆಯದಕ್ಕೆ ಕಾಯಿಲೆಯೂ ಇರಲಿಲ್ಲ, ಸೆಖೆಯೂ ಇರಲಿಲ್ಲ. ಆದರೂ ಕಂಪನಿಯ ಶಾಖೆಯಿಂದ ಬಂದ ಲೆಕ್ಕದ ಹಾಳೆಯಲ್ಲಿ 1.86 ಎಂದು ಬರೆದಿತ್ತು.

ಏಕೆ ಎಂಬುದು ಅವಳಿಗೆ ಗೊತ್ತಿತ್ತು. ಮಾರ್ಚ್ ಎರಡರಂದು ಪಕ್ಕದ ಶೆಡ್ಡಿನ ಮೈದುನ ಓಡೋಡಿ ಬಂದಿದ್ದ. ಅವನ ಫೀಡಿನ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತ್ತು, ಕಂಪನಿಯ ಮೇಲ್ವಿಚಾರಕನ ಫೋನು ಸ್ವಿಚ್ ಆಫ್ ಆಗಿತ್ತು. "ಅತ್ತಿಗೆ, ಕೋಳಿಗಳು ಒಂದನ್ನೊಂದು ಕುಕ್ಕೋಕೆ ಶುರು ಮಾಡಿವೆ, ನಲವತ್ತು ಚೀಲ ಕೈಗಡ ಕೊಡಿ. ಲಾರಿ ಬಂದ ಮಾರನೇ ದಿನಾನೇ ತಂದಿಡ್ತೀನಿ" ಎಂದಿದ್ದ. ಅವಳು ಕೊಟ್ಟಿದ್ದಳು. ಲಾರಿ ಐದನೆಯ ತಾರೀಕು ಬಂತು. ಮಾರನೆಯ ದಿನವೂ ಬಂದು ಹೋಯಿತು. ಚೀಲ ಬರಲಿಲ್ಲ.

ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಫೀಡು ಹೋಗುವುದಾದರೆ ಮೇಲ್ವಿಚಾರಕ ಅಂದೇ ವರ್ಗಾವಣೆ ಚೀಟಿ ಬರೆಯಬೇಕು. ಚೀಟಿ ಇಲ್ಲದೆ ಹೊರಹೋದ ಫೀಡನ್ನು ಕಂಪನಿ ಮಾರಿಕೊಂಡ ಫೀಡು ಎಂದೇ ತಿಳಿಯುತ್ತದೆ. ಬಾಯಿ ಬಿಟ್ಟರೆ ಕಳ್ಳಿ, ಬಿಡದಿದ್ದರೆ ಕೈಲಾಗದವಳು. ಮೈದುನ ತಾನಾಗಿ ಹೇಳಲಿ ಎಂದು ಅವಳು ಕಾದಳು. ಅವನ ಶೆಡ್ಡಿನ ಎಫ್‌ಸಿಆರ್ ಶಾಖೆಯಲ್ಲೇ ಮೊದಲನೆಯದೆಂದು ಬಂದು, ಬೋನಸ್ಸೂ ಕೈಸೇರಿ, ಶೆಡ್ಡಿನ ತಲೆಯ ಮೇಲೆ ಎರಡು ಹೊಸ ಫ್ಯಾನು ತಿರುಗತೊಡಗಿದವು. ಅವನು ಹೇಳಲಿಲ್ಲ.

ಇಪ್ಪತ್ತಾರರಂದು ಕಂಪನಿಯ ಲೆಕ್ಕ ತಪಾಸಣೆಯ ಅಧಿಕಾರಿ ಬಂದರು.

ಐವತ್ತು ದಾಟಿದ, ಮಾತಿಗೆ ಅವಸರವಿಲ್ಲದ ಮನುಷ್ಯ. ಶೆಡ್ಡಿನ ಮುಂದಿನ ಕೋಣೆಯಲ್ಲಿ ತಗಡಿನ ಮೇಜಿನ ಮೇಲೆ ಬ್ಯಾಚಿನ ದಾಖಲೆ ಹರಡಿಕೊಂಡು ಕುಳಿತರು. ಅತ್ತೆ ಬಾಗಿಲ ಪಕ್ಕದ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದರು. ಮಂಡಿನೋವಿನಿಂದ ನಡೆಯಲಾರದಿದ್ದರೂ ಎಲ್ಲಿ ಮಾತು ನಡೆಯುತ್ತದೋ ಅಲ್ಲಿಗೆ ಹೇಗೋ ಬಂದು ಸೇರುವವರು.

"ಮೊದಲು ಒಂದು ವಿಷಯ ಹೇಳ್ಬಿಡ್ತೀನಮ್ಮ," ಎಂದರು ಅಧಿಕಾರಿ. "ಈ ಹಾಳೆ ತಪ್ಪಿದೆ."

ಹಿರಿಯ ಸೊಸೆಯ ಎದೆ ಒಂದು ಗಳಿಗೆ ಹಗುರಾಯಿತು.

"ಶಾಖೆಯೋರು ಮಾರಿದ ತೂಕದಿಂದ ಭಾಗಿಸಿದ್ದಾರೆ. ಹದಿನೈದು ಸಾವಿರ ಕಿಲೋ ಫೀಡು, ಎಂಟು ಸಾವಿರದ ಅರವತ್ತರಿಂದ. ಹಾಗೆ ಮಾಡೋ ಹಾಗಿಲ್ಲ. ಮರಿ ಬಂದಾಗ್ಲೇ ಒಂದೊಂದು ನಲವತ್ತು ಗ್ರಾಂ ಇತ್ತು. ನಾಲ್ಕು ಸಾವಿರ ಮರಿಗೆ ನೂರ ಅರವತ್ತು ಕಿಲೋ. ಅದನ್ನ ನೀವು ಬೆಳೆಸಿದ್ದಲ್ಲ. ಕಳೆದರೆ ನಿಮ್ಮ ಶೆಡ್ಡಲ್ಲಿ ಕೂಡಿದ ತೂಕ ಏಳು ಸಾವಿರದ ಒಂಬೈನೂರು."

"ಹಾಗಾದ್ರೆ ಎಷ್ಟಾಗತ್ತೆ ಸರ್?"

"ಒಂದು ಪಾಯಿಂಟ್ ಒಂಬತ್ತು."

"ಕಮ್ಮಿ ಮಾಡೋಕೆ ಬಂದ್ರಾ, ಜಾಸ್ತಿ ಮಾಡೋಕೆ ಬಂದ್ರಾ?" ಎಂದರು ಅತ್ತೆ ಬೆಂಚಿನಿಂದ. "ಇಷ್ಟಕ್ಕೆ ಅಷ್ಟು ದೂರದಿಂದ ಬಸ್ ಚಾರ್ಜ್ ಬೇರೆ."

"ಸರಿ ಮಾಡೋಕೆ ಬಂದೆ ಅಜ್ಜಿ," ಎಂದರು ಅವರು, ತಲೆ ಎತ್ತದೆ. "ಖರ್ಚೂ ನೋಡೋಣ. ಫೀಡು ಆರು ಲಕ್ಷ. ಮರಿ, ಔಷಧಿ, ಮೇಲ್ವಿಚಾರಣೆ ಸೇರಿ ಒಂದು ಲಕ್ಷದ ಅರವತ್ತು ಸಾವಿರ. ಒಟ್ಟು ಏಳು ಲಕ್ಷದ ಅರವತ್ತು. ಏಳು ಸಾವಿರದ ಒಂಬೈನೂರರಿಂದ ಭಾಗಿಸಿದ್ರೆ ಕಿಲೋಗೆ ತೊಂಬತ್ತಾರು ರೂಪಾಯಿ ಇಪ್ಪತ್ತು ಪೈಸೆ."

ತೊಂಬತ್ತಕ್ಕೆ ಗೆರೆ. ಗೆರೆಯ ಆಚೆ ಆರು ರೂಪಾಯಿ. ಹಿರಿಯ ಸೊಸೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ತೂಕದ ಚೀಟಿಗಳನ್ನು ಒಂದೊಂದಾಗಿ ಕೂಡಿದರು. ಕೋಳಿ ತುಂಬುವ ಮುನ್ನ ತೂಗಿದ ಖಾಲಿ ಕ್ರೇಟಿನ ತೂಕ ಕಳೆದಿದ್ದಾರೆಯೇ ಎಂದು ನೋಡಿದರು. ಸತ್ತ ಕೋಳಿಗಳ ಲೆಕ್ಕವನ್ನು ದಿನದಿನಕ್ಕೆ ತಾಳೆ ಹಾಕಿದರು. ಎಲ್ಲ ಸರಿಯಿತ್ತು. ಆಮೇಲೆ ಪೆನ್ನಿನ ತುದಿಯನ್ನು ಒಂದು ಸಾಲಿನ ಮೇಲಿಟ್ಟರು.

"ನಿಮ್ಮ ಕೋಳಿ ಸರಾಸರಿ ಎರಡು ಕಿಲೋ ನೂರು ಗ್ರಾಂ. ಆ ತೂಕ ಬರೋಕೆ ಈ ತಳಿ ಸುಮಾರು ಮೂರೂವರೆ ಕಿಲೋ ತಿನ್ನತ್ತೆ. ನಿಮ್ಮದು ಹತ್ತಿರ ಹತ್ತಿರ ನಾಲ್ಕು ಕಿಲೋ ತಿಂದಿದೆ ಅನ್ನತ್ತೆ ದಾಖಲೆ. ಕೋಳಿಗೆ ನಾನ್ನೂರು ಗ್ರಾಂ ಹೆಚ್ಚು. ತಿಂದಿದ್ರೆ ಮೈಗೆ ಹತ್ತಬೇಕಿತ್ತು."

"ಕೆಲವರಿಗೆ ತಿಂದಿದ್ದು ಮೈಗೆ ಹತ್ತಲ್ಲ," ಎಂದರು ಅತ್ತೆ. "ನನ್ನ ದೊಡ್ಡ ಮಗನ್ನ ನೋಡಿ."

"ನಿಮ್ಮ ಮಗ ನಾಲ್ಕು ಸಾವಿರ ಜನ ಇಲ್ಲ ಅಜ್ಜಿ. ಒಂದು ಕೋಳಿ ಹಾಗಿರಬಹುದು, ಎಲ್ಲಾ ಹಾಗಿರಲ್ಲ."

ಅವರು ಎದ್ದು ಶೆಡ್ಡಿನ ಒಳಗೆ ಹೋದರು. ಫೀಡಿನ ತಟ್ಟೆಗಳನ್ನು ಇಳಿಬಿಟ್ಟಿದ್ದ ಹಗ್ಗದ ಗುರುತು ನೋಡಿದರು. ತಟ್ಟೆ ಕೋಳಿಯ ಬೆನ್ನಿನ ಮಟ್ಟಕ್ಕೇ ಇತ್ತು, ಕೆಳಗಿದ್ದಿದ್ದರೆ ಕೆದಕಿ ಚೆಲ್ಲುತ್ತಿದ್ದವು. ಮೂಲೆಯಲ್ಲಿ ಇನ್ನೂ ಎತ್ತದೆ ಬಿಟ್ಟಿದ್ದ, ಕೋಳಿಗಳ ಕೆಳಗೆ ಹಾಸಿದ್ದ ಹೊಟ್ಟಿನ ರಾಶಿಯನ್ನು ಕೈಯಿಂದ ಬಗೆದು ಮೂಸಿದರು. ಫೀಡಿನ ಕಾಳು ಒಂದೂ ಇರಲಿಲ್ಲ. ಇಲಿಯ ಬಿಲವೂ ಕಾಣಲಿಲ್ಲ.

"ಚೆಲ್ಲಿಲ್ಲ. ಇಲಿ ತಿಂದಿಲ್ಲ. ಕೋಳಿಯೂ ತಿಂದಿಲ್ಲ," ಎಂದರು ಕೈ ಒರೆಸಿಕೊಳ್ಳುತ್ತ. "ಉಳಿಯೋದು ಒಂದೇ. ಹೊರಗೆ ಹೋಗಿದೆ. ಎಲ್ಲಿಗೆ ಅಂತ ನೀವೇ ಹೇಳ್ತೀರಾ?"

ಹಿರಿಯ ಸೊಸೆ ಗೋಡೆ ನೋಡಿದಳು. ಗೋಡೆಯ ಆಚೆಯಿಂದ, ತೊಳೆದ ನೆಲ ಒಣಗಲೆಂದು ಹಾಕಿದ್ದ ಮೈದುನನ ಫ್ಯಾನುಗಳ ಸದ್ದು ಕೇಳುತ್ತಿತ್ತು.

"ನಾನು ಒಂದು ಕಾಳೂ ಮಾರಿಲ್ಲ ಸರ್."

"ಮಾರಿದ್ರಿ ಅಂತ ನಾನು ಅನ್ನಲಿಲ್ಲ. ಎಲ್ಲಿಗೆ ಹೋಯ್ತು ಅಂದೆ."

ಅವಳ ಕಣ್ಣು ಮತ್ತೆ ಆ ಗೋಡೆಗೇ ಹೋಯಿತು. ಅಧಿಕಾರಿಯೂ ಅತ್ತ ನೋಡಿ, "ಪಕ್ಕದ ಶೆಡ್ಡಿನ ದಾಖಲೆಯೂ ಇವತ್ತೇ ನೋಡ್ಬೇಕು. ಕರೀತೀರಾ ಅವರನ್ನ?" ಎಂದರು.

ಅತ್ತೆ ಕೂತಲ್ಲಿಂದಲೇ ಗೋಡೆಗೆ ಊರುಗೋಲಿನಿಂದ ಕುಟ್ಟಿದರು. "ಬಾರೋ, ಫಸ್ಟ್ ರ‍್ಯಾಂಕಿನವನೇ. ನಿನ್ನನ್ನೂ ಪರೀಕ್ಷೆಗೆ ಕರೀತಿದ್ದಾರೆ."

ಮೈದುನ ದಾಖಲೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಅತ್ತಿಗೆಯ ಮುಖ ನೋಡಲಿಲ್ಲ. ಅವಳು ಮದುವೆಯಾಗಿ ಬಂದಾಗ ಅವನಿಗೆ ಒಂಬತ್ತು ವರ್ಷ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಅವಳ ಮುಂದೆ ಕೂರುತ್ತಿದ್ದವನ ನೆತ್ತಿ ಈಗ ತುಸು ಬರಿದಾಗಿತ್ತು. ಅದನ್ನೇ ಅವಳು ನೋಡುತ್ತ ನಿಂತಳು.

"ಎಂಟು ಸಾವಿರದ ಇನ್ನೂರ ಇಪ್ಪತ್ತು ಕಿಲೋ ಮಾರಿದ್ದೀರಿ," ಎಂದು ಶುರುಮಾಡಿದರು ಅಧಿಕಾರಿ. "ಮರಿಯ ತೂಕ ಕಳೆದರೆ ಎಂಟು ಸಾವಿರದ ಅರವತ್ತು. ಫೀಡು ಇನ್ನೂರ ನಲವತ್ತು ಚೀಲ, ಹನ್ನೆರಡು ಸಾವಿರ ಕಿಲೋ. ಒಂದು ಪಾಯಿಂಟ್ ನಾಲ್ಕು ಒಂಬತ್ತು. ಬಹಳ ಚೆನ್ನಾಗಿದೆ. ಎಷ್ಟು ಚೆನ್ನಾಗಿದೆ ಅಂದ್ರೆ, ಇಷ್ಟು ವರ್ಷದ ಕೆಲಸದಲ್ಲಿ ಈ ವಯಸ್ಸಿನ ಕೋಳಿಗೆ ಇಂಥದ್ದನ್ನ ನಾನು ನೋಡಿಲ್ಲ."

"ಕೋಳಿ ಚೆನ್ನಾಗಿತ್ತು ಸರ್."

"ಮಾರ್ಚ್ ಒಂದನೇ ತಾರೀಕು ರಾತ್ರಿ ಸ್ಟಾಕು ಸೊನ್ನೆ ಅಂತ ನೀವೇ ಬರೆದಿದ್ದೀರಿ. ಮುಂದಿನ ಲಾರಿ ಐದನೇ ತಾರೀಕು ಬೆಳಗ್ಗೆ. ನಡುವೆ ಮೂರು ದಿನ. ಆ ವಾರದ ತೂಕ ನೋಡಿದ್ರೆ ಒಂದು ಗ್ರಾಮೂ ಕಮ್ಮಿ ಆಗಿಲ್ಲ. ಮೂರು ದಿನ ಏನು ತಿಂದ್ವು, ಗಾಳಿಯಾ?"

"ಹಳೇ ಬ್ಯಾಚಿನ ಸ್ವಲ್ಪ ಉಳಿದಿತ್ತು..."

"ಎಷ್ಟು?"

"ಸ್ವಲ್ಪ."

"ಸ್ವಲ್ಪ ಅನ್ನೋ ಅಂಕಿ ನನಗೆ ಗೊತ್ತಿಲ್ಲ." ಅವರು ಹಾಳೆಯ ಅಂಚಿನಲ್ಲಿ ಬರೆದರು. "ಇಪ್ಪತ್ತೆಂಟು ದಿನದ ಕೋಳಿ ದಿನಕ್ಕೆ ಹೆಚ್ಚುಕಮ್ಮಿ ನೂರ ನಲವತ್ತು ಗ್ರಾಂ ತಿನ್ನತ್ತೆ. ನಿಮ್ಮ ಹತ್ತಿರ ಆಗ ಮೂರು ಸಾವಿರದ ಎಂಟುನೂರ ಎಪ್ಪತ್ತು ಕೋಳಿ. ಮೂರು ದಿನಕ್ಕೆ ಸಾವಿರದ ಆರುನೂರು ಕಿಲೋದ ಆಸುಪಾಸು. ಮೂವತ್ತೆರಡು, ಮೂವತ್ತಮೂರು ಚೀಲ. ಅದು ಸ್ವಲ್ಪ ಅಲ್ಲ."

ಮೈದುನ ಕಾಲಿನ ಹೆಬ್ಬೆರಳಿಂದ ಸಿಮೆಂಟಿನ ಬಿರುಕನ್ನು ಕೆರೆಯುತ್ತಿದ್ದ. ಹೇಳು, ಎಂದು ಹಿರಿಯ ಸೊಸೆ ಮನಸ್ಸಿನಲ್ಲೇ ಅಂದಳು. ಈಗಲಾದರೂ ಹೇಳು.

ಅಧಿಕಾರಿ ದಾಖಲೆ ಮುಚ್ಚಿದರು. "ಆಯ್ತು. ಅಂದಾಜು ಅಂದಾಜೇ. ಅದರ ಮೇಲೆ ನಾನು ಯಾರ ಶೆಡ್ಡನ್ನೂ ಮುಚ್ಚಲ್ಲ, ಯಾರದ್ದನ್ನೂ ಉಳಿಸೋದೂ ಇಲ್ಲ. ಖಾಲಿ ಚೀಲ ಎಲ್ಲಿಟ್ಟಿದ್ದೀರಿ?"

ಖಾಲಿ ಚೀಲಗಳನ್ನು ಕಂಪನಿ ಹಿಂದಕ್ಕೆ ಒಯ್ಯುತ್ತದೆ. ಬ್ಯಾಚು ಮುಗಿದ ತಿಂಗಳ ಕೊನೆಗೆ ಲಾರಿ ಬರುತ್ತದೆ. ಹತ್ತರ ಕಟ್ಟುಗಳನ್ನು ಮೇಲೆಸೆದು ಹೋಗುತ್ತಾರೆ. ಯಾವ ಶೆಡ್ಡಿನಿಂದ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಹೀಗಾಗಿ ಚೀಲ ಕಾಯುವುದೂ ಇಲ್ಲ, ಮರೆಮಾಡುವುದೂ ಇಲ್ಲ. ಎರಡು ಶೆಡ್ಡಿನ ಹಿಂಗೋಡೆಗೆ ಒರಗಿ ಅವು ತಮ್ಮಷ್ಟಕ್ಕೆ ಬಿದ್ದಿದ್ದವು.

ಅಧಿಕಾರಿ ಮೊದಲು ಹಿರಿಯ ಸೊಸೆಯ ರಾಶಿಗೆ ಕೈ ಹಾಕಿದರು. ಕಟ್ಟು ಎಣಿಸಿ ಬಿಡಲಿಲ್ಲ. ಪ್ರತಿ ಕಟ್ಟನ್ನೂ ಬಿಚ್ಚಿ ಹತ್ತು ಇದೆಯೇ ನೋಡಿ ಮತ್ತೆ ಕಟ್ಟಿದರು. ಧೂಳು ಎದ್ದು ಅವರ ಕನ್ನಡಕದ ಮೇಲೆ ಕೂತಿತು. ಇಪ್ಪತ್ತಾರು ಕಟ್ಟು, ಮೇಲೆ ಎಂಟು.

"ಇನ್ನೂರ ಅರವತ್ತೆಂಟು. ಬಂದದ್ದು ಮುನ್ನೂರು. ಮೂವತ್ತೆರಡು ಚೀಲ ಈ ಅಂಗಳದಲ್ಲಿ ಬಾಯಿ ಬಿಚ್ಚಿಲ್ಲ."

ಹಿರಿಯ ಸೊಸೆ ಬೆಚ್ಚಿದಳು. ತಾನು ಕೊಟ್ಟದ್ದು ನಲವತ್ತು. ಒಂದೊಂದನ್ನೂ ಎಣಿಸಿ ಗಾಡಿಗೆ ಹೇರಿದವಳು ತಾನೇ. ಇನ್ನೂರ ಅರವತ್ತು ಇರಬೇಕಿತ್ತು. ಇಷ್ಟು ದಿನ ಮನಸ್ಸಿನಲ್ಲಿ ಮೈದುನನ ಮೇಲೆ ಹೊರಿಸಿಕೊಂಡು ಬಂದ ಲೆಕ್ಕವೇ ತಪ್ಪಾಯಿತೇ?

"ಇನ್ನೊಂದ್ಸಲ ಎಣಿಸಿ ಸರ್," ಎಂದಳು.

ಅವರು ಅವಳನ್ನು ದಿಟ್ಟಿಸಿದರು. "ಯಾಕೆ? ಎಷ್ಟಿರಬೇಕಿತ್ತು?"

"ಎಂಟು ಹೆಚ್ಚಿದೆ."

ಮಾತು ಆಡಿದ ಮೇಲೆ ಅದು ಎಂಥ ಮಾತೆಂದು ಅವಳಿಗೆ ತಿಳಿಯಿತು. ನಲವತ್ತು ಹೊರಹೋಯಿತೆಂದು ತಾನೇ ಒಪ್ಪಿದಂತಾಯಿತು. ಅದೂ ಮೂವತ್ತೆರಡಕ್ಕೆ ಮುಗಿಯುತ್ತಿದ್ದದ್ದನ್ನು ನಲವತ್ತಕ್ಕೆ ಏರಿಸಿಕೊಂಡು. ಅಧಿಕಾರಿ ಏನೂ ಬರೆದುಕೊಳ್ಳಲಿಲ್ಲ. ಮೈದುನನ ರಾಶಿಯ ಕಡೆ ನಡೆದರು.

ಅಲ್ಲಿ ಇಪ್ಪತ್ತೇಳು ಕಟ್ಟು. ಮೇಲೆ ಎರಡು.

"ಇನ್ನೂರ ಎಪ್ಪತ್ತೆರಡು," ಎಂದರು. "ನಿಮಗೆ ಬಂದದ್ದು ಇನ್ನೂರ ನಲವತ್ತು. ಕೋಳಿ ಮರಿ ಮಾಡೋದು ಗೊತ್ತು, ಚೀಲ ಮರಿ ಮಾಡೋದು ನಾನು ಕೇಳಿಲ್ಲ."

ಬೇಲಿಯ ಹತ್ತಿರ ಒಂದು ನಾಯಿ ಮೈ ಕೊಡವಿಕೊಂಡಿತು. ಮೈದುನ ಒಂದು ಕಟ್ಟಿನ ಮೇಲೆ ಕುಳಿತ. ಕುಳಿತ ಮೇಲೆ ಮಾತು ಬಂತು.

"ನಲವತ್ತು ತಂದಿದ್ದೆ. ಲಾರಿ ಬಂದ ದಿನ ಎಂಟು ಹಾಗೇ ಉಳಿದಿತ್ತು. ನಿಮ್ಮ ಶೆಡ್ಡಿಗೂ ಅದೇ ಲಾರಿ ಇಳಿಸ್ತಿತ್ತು ಅತ್ತಿಗೆ, ನೀವು ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಿದ್ರಿ. ನಿಮ್ಮ ಚೀಲದ ಜೊತೆ ಎಂಟೂ ಸೇರಿಸಿಟ್ಟೆ. ಉಳಿದ ಮೂವತ್ತೆರಡು ಮಾರನೇ ದಿನ ತರೋಣ ಅಂದ್ಕೊಂಡೆ."

"ಮತ್ತೆ?" ಎಂದಳು ಅವಳು.

"ಮಾರನೇ ದಿನ ಮೇಲ್ವಿಚಾರಕ ಬಂದು ಲೆಕ್ಕ ಹಾಕಿ ಬೆನ್ನು ತಟ್ಟಿದ. ಹೀಗೇ ಹೋದ್ರೆ ಶಾಖೆಗೇ ಮೊದಲು ಅಂದ. ಇನ್ನೊಂದು ದಿನ ನೋಡೋಣ ಅಂದ್ಕೊಂಡೆ." ಅವನು ಕೈಯಲ್ಲಿದ್ದ ದಾರದ ತುಂಡನ್ನು ಹಿಂಜಿದ. "ಹಾಗೇ ಆಗೋಯ್ತು."

ಹಿರಿಯ ಸೊಸೆಗೆ ಐದನೆಯ ತಾರೀಕು ನೆನಪಾಯಿತು. ಆಸ್ಪತ್ರೆಯಿಂದ ಬಂದವಳು ರಾಶಿಯನ್ನು ಕಣ್ಣಿನಲ್ಲೇ ಅಳೆದು, ಚಾಲಕ ಬಿಟ್ಟುಹೋಗಿದ್ದ ರಸೀದಿಗೆ ಸಹಿ ಹಾಕಿದ್ದಳು. ಎಣಿಸಿದ್ದರೆ ಎಂಟು ಹೆಚ್ಚು ಸಿಗುತ್ತಿತ್ತು. ಅಂದೇ ಕೇಳುತ್ತಿದ್ದಳು, ಅಂದೇ ಎಲ್ಲ ಮುಗಿಯುತ್ತಿತ್ತು. ಕೊಡುವಾಗ ಎಣಿಸಿದವಳು ಪಡೆಯುವಾಗ ಎಣಿಸಲಿಲ್ಲ.

ತಗಡಿನ ಮೇಜಿಗೆ ಎಲ್ಲರೂ ಮರಳಿದರು. ಅಧಿಕಾರಿ ಹೊಸ ಹಾಳೆ ತೆಗೆದರು. ಒಂದೊಂದು ಅಂಕಿಯನ್ನೂ ಇಬ್ಬರಿಗೂ ಕೇಳುವಂತೆ ಹೇಳಿ ಬರೆದರು.

"ಅಮ್ಮ, ನಿಮ್ಮದು. ಇನ್ನೂರ ಅರವತ್ತೆಂಟು ಚೀಲ, ಹದಿಮೂರು ಸಾವಿರದ ನಾನ್ನೂರು ಕಿಲೋ. ಭಾಗಿಸು ಏಳು ಸಾವಿರದ ಒಂಬೈನೂರು. ಸತ್ತ ಕೋಳಿ ತಿಂದದ್ದೂ ಇದರಲ್ಲೇ ಸೇರಿದೆ, ಅದರ ತೂಕ ಸೇರಿಲ್ಲ, ಕ್ರಮ ಹಾಗೇ. ಒಂದು ಪಾಯಿಂಟ್ ಆರು ಒಂಬತ್ತು ಆರು."

"ಒಂದು ಪಾಯಿಂಟ್ ಏಳರ ಒಳಗೆ ಬಂತಾ?"

"ಒಂದು ಚೀಲ ಆಚೀಚೆ ಆಗಿದ್ರೆ ಬರ್ತಿರಲಿಲ್ಲ. ಬಂದಿದೆ. ಖರ್ಚು ಆರು ಲಕ್ಷದ ತೊಂಬತ್ತಾರು ಸಾವಿರ. ಕಿಲೋಗೆ ಎಂಬತ್ತೆಂಟು ರೂಪಾಯಿ ಹತ್ತು ಪೈಸೆ. ತೊಂಬತ್ತರ ಒಳಗೆ."

ಹಿರಿಯ ಸೊಸೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. ನಗಲಿಲ್ಲ.

"ಇನ್ನು ನಿಮ್ಮದು," ಎಂದು ಅವರು ಮೈದುನನ ಕಡೆ ತಿರುಗಿದರು. "ಹದಿಮೂರು ಸಾವಿರದ ಆರುನೂರು ಕಿಲೋ. ಒಂದು ಪಾಯಿಂಟ್ ಆರು ಎಂಟು ಏಳು. ಖರ್ಚು ಕಿಲೋಗೆ ಎಂಬತ್ತೇಳು ಮೂವತ್ತನಾಲ್ಕು. ಮೊದಲು ಎಪ್ಪತ್ತೊಂಬತ್ತು ನಲವತ್ತು ಇತ್ತು, ಅದಕ್ಕೇ ಬೋನಸ್ ಬಂತು. ಎಂಬತ್ತೆರಡು ದಾಟಿದ್ರೆ ಬೋನಸ್ ಇಲ್ಲ. ಮಾರಿದ ಕಿಲೋಗೆ ಎರಡು ರೂಪಾಯಿ, ಹದಿನಾರು ಸಾವಿರದ ನಾನ್ನೂರ ನಲವತ್ತು. ವಾಪಸ್ ಕೊಡಬೇಕು. ಎರಡು ಬ್ಯಾಚಲ್ಲಿ ಸಮಭಾಗ ಹಿಡಿಸ್ತೀನಿ."

"ಖರ್ಚಾಗಿದೆ ಸರ್. ಫ್ಯಾನು..."

"ಅದು ನನ್ನ ಲೆಕ್ಕ ಅಲ್ಲ." ಅವರು ವರ್ಗಾವಣೆ ಚೀಟಿಯ ಪುಸ್ತಕ ತೆಗೆದು ಮೂವತ್ತೆರಡು ಚೀಲ ಎಂದು ಬರೆದರು. "ಹಳೇ ತಾರೀಕು ಹಾಕಲ್ಲ. ಇವತ್ತಿನದ್ದೇ. ತಡವಾಯ್ತು ಅಂತಲೂ ಬರೀತೀನಿ, ಇಬ್ಬರಿಗೂ ಎಚ್ಚರಿಕೆ ಬರತ್ತೆ. ಆದ್ರೆ ಮಾರಾಟ ಅಂತ ಯಾರೂ ಅನ್ನೋ ಹಾಗಿಲ್ಲ. ಚೀಲ ಎರಡೂ ಕಡೆ ತಾಳೆ ಆಗಿದೆ. ಕೊಟ್ಟವರು, ಪಡೆದವರು, ಇಬ್ಬರ ಸಹಿಯೂ ಬೇಕು. ಒಬ್ಬರದ್ದು ಇಲ್ಲದಿದ್ರೂ ಇದು ಬರೀ ಕಾಗದ."

ಹಿರಿಯ ಸೊಸೆ ಸಹಿ ಹಾಕಿದಳು. ಪೆನ್ನು ಮೈದುನನ ಮುಂದೆ ಬಂದು ನಿಂತಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಹಾಕಿದರೆ ಶಾಖೆಯ ಮೊದಲ ಹೆಸರು ಹೋಗುತ್ತದೆ, ಮೇಲೆ ಹದಿನಾರು ಸಾವಿರದ ಹೊರೆ. ಹಾಕದಿದ್ದರೆ ಪಕ್ಕದ ಶೆಡ್ಡು ಬೀಳುತ್ತದೆ. ಗೋಡೆಯಾಚೆ ಫ್ಯಾನು ತಿರುಗುತ್ತಿತ್ತು.

"ಪೆನ್ನು ಕಚ್ಚುತ್ತಾ?" ಎಂದರು ಅತ್ತೆ. ದನಿಯಲ್ಲಿ ಮುಂಚಿನ ತಮಾಷೆ ಇರಲಿಲ್ಲ. "ಹಿಡಿಯೋದು ಮರೆತಿದ್ರೆ ನಿನ್ನ ಅತ್ತಿಗೆನ ಕೇಳು. ಅಕ್ಷರ ತಿದ್ದಿಸಿದ್ದು ಅವಳೇ."

ಅವನು ಸಹಿ ಹಾಕಿದ. ಅಕ್ಷರಗಳು ಅಗಲವಾಗಿದ್ದವು, ಒತ್ತಿ ಬರೆದಿದ್ದವು.

ಅಧಿಕಾರಿ ಹೊರಟ ಮೇಲೆ ಮೈದುನ ಬಾಗಿಲಲ್ಲೇ ನಿಂತಿದ್ದ. "ಫ್ಯಾನು ಬಿಚ್ಚಿ ಅಂಗಡಿಗೆ ವಾಪಸ್ ಕೊಡ್ತೀನಿ ಅತ್ತಿಗೆ."

"ಮುಟ್ಟಿದ್ದನ್ನ ಅಂಗಡಿಯವನು ತಗೊಳ್ಳಲ್ಲ. ಇರ್ಲಿ ಬಿಡು, ಕೋಳಿಗೆ ಸೆಖೆ ತಪ್ಪತ್ತೆ."

"ಅವರು ಬರದೇ ಇದ್ದಿದ್ರೂ ನಾನು ಹೇಳ್ತಿದ್ದೆ."

ಅವಳು ಅವನನ್ನು ನೇರವಾಗಿ ನೋಡಿದಳು. "ಯಾವತ್ತು?"

ಅವನು ದಾಖಲೆಯನ್ನು ಕಂಕುಳಿಗೆ ಸೇರಿಸಿ ತನ್ನ ಶೆಡ್ಡಿನ ಕಡೆ ನಡೆದ.

ಏಪ್ರಿಲ್ ಮೂರರಂದು ಎರಡು ಶೆಡ್ಡಿಗೂ ಮರಿ ಬಂತು. ಅದರೊಂದಿಗೆ ಬಂದ ಫೀಡನ್ನು ಹಿರಿಯ ಸೊಸೆ ಚಾಲಕ ಗೊಣಗುತ್ತಿದ್ದರೂ ಒಂದೊಂದಾಗಿ ಎಣಿಸಿ, ಆಮೇಲೆ ಸಹಿ ಹಾಕಿದಳು. ತಿಂಗಳ ಕೊನೆಗೆ ಮೈದುನನ ಫೀಡಿನ ಲಾರಿ ಮತ್ತೆ ತಡವಾಯಿತು. ಅವನು ಗೇಟಿನ ಹೊರಗೆ ನಿಂತು ಕೂಗಿದ. ಮೊದಲು ಹಾಗೆ ನಿಲ್ಲುತ್ತಿರಲಿಲ್ಲ, ನೇರವಾಗಿ ಒಳಗೆ ಬರುತ್ತಿದ್ದ. ಅವನ ಕೈಯಲ್ಲಿ ಮೇಲ್ವಿಚಾರಕ ಬರೆದ ಚೀಟಿ ಆಗಲೇ ಇತ್ತು. ಹನ್ನೆರಡು ಚೀಲ.

ಅವಳು ಎಣಿಸಿ ಹೊರಿಸಿದಳು. ಅವನೂ ಗಟ್ಟಿಯಾಗಿ ಎಣಿಸಿದ. ಕೊನೆಯ ಚೀಲ ಗಾಡಿಗೆ ಬಿದ್ದ ಮೇಲೆ ಅವನು ಹೋಗಲಿಲ್ಲ.

"ಅತ್ತಿಗೆ, ಒಂದು ಮಾತು."

"ಮಾತು ಆಮೇಲೆ. ಕೋಳಿ ಹಸಿದಿವೆ, ಹೋಗು."

ಮೂರನೆಯ ದಿನ ಹನ್ನೆರಡು ಚೀಲ ಬಂದು ಸೇರಿತು. ಬೋನಸ್ಸಿನ ಅರ್ಧ, ಎಂಟು ಸಾವಿರದ ಇನ್ನೂರ ಇಪ್ಪತ್ತು, ಆ ಬ್ಯಾಚಿನ ಲೆಕ್ಕದಲ್ಲಿ ಕಂಪನಿ ಹಿಡಿದುಕೊಂಡಿತು. ಉಳಿದರ್ಧ ಮುಂದಿನ ಬ್ಯಾಚಿಗೆ ಹೋಯಿತು. ಆ ಮಾತು ಮಾತ್ರ ಇನ್ನೂ ಬಾಕಿಯಿದೆ.